ಒಂದು ಷರತ್ತು, ಮೂರು ಊರು: ಆರ್ಬಿಟ್ರೇಷನ್ ಸೀಟ್ ಅಂದರೆ ಏನು?

ಕರಾರು ಇಪ್ಪತ್ತೆರಡು ಪುಟ ಇತ್ತು. ಮೈಸೂರಿನ ಕನ್ಸಲ್ಟೆಂಟ್ ಒಬ್ಬರು ಅದನ್ನು ಪ್ರಿಂಟ್ ಹಾಕಿಸಿಕೊಂಡು ನನ್ನ ಆಫೀಸಿಗೆ ತಂದಿದ್ದರು. ಕಾರ್ಖಾನೆಗಳ ತ್ಯಾಜ್ಯ ನೀರಿನ ಘಟಕಗಳನ್ನು ಹೇಗೆ ನಡೆಸಬೇಕು ಎಂದು ಸಲಹೆ ಕೊಡುವುದು ಅವರ ಕೆಲಸ. ಸಿಂಗಾಪುರದ ಒಂದು ಕಂಪನಿ ಅವರಿಗೆ ಆರು ತಿಂಗಳ ಕೆಲಸ ಒಪ್ಪಿಸುವುದರಲ್ಲಿತ್ತು. ಒಟ್ಟು ಫೀ 36,000 ಸಿಂಗಾಪುರ ಡಾಲರ್. 12,000ದಂತೆ ಮೂರು ಕಂತು. ಕೊನೆಯ ಕಂತು ಕೊನೆಯ ವರದಿ ಕೊಟ್ಟ ಮೇಲೆ.

ಕೆಲಸದ ವಿವರ, ಫೀ, ಗಡುವು ಎಲ್ಲವನ್ನೂ ಅವರು ಪೆನ್ಸಿಲ್ ಹಿಡಿದು ಓದಿದ್ದರು. ಅಂಚಿನಲ್ಲಿ ಗುರುತು ಹಾಕಿದ್ದರು. 17ನೇ ಷರತ್ತಿನ ಪಕ್ಕ ಮಾತ್ರ ಏನೂ ಇರಲಿಲ್ಲ.

"ಇದು ಎಲ್ಲ ಕರಾರಿನಲ್ಲೂ ಇರುತ್ತಲ್ವಾ ಸರ್? ಬೆಂಗಳೂರು ಅಂತ ಇದೆ ನೋಡಿ. ಹಾಗಾಗಿ ತೊಂದರೆ ಇಲ್ಲ ಅಂದುಕೊಂಡೆ" ಎಂದರು.

ಬೆಂಗಳೂರು ಅಂತ ಇದ್ದದ್ದು ನಿಜ. ಆದರೆ ಅಲ್ಲಿ ಇನ್ನೂ ಎರಡು ಊರಿನ ಹೆಸರು ಇತ್ತು. ಆ ಷರತ್ತನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ. 17.1: ಈ ಕರಾರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಅನ್ವಯಿಸುತ್ತದೆ. 17.2: ಈ ಕರಾರಿನಿಂದ ಹುಟ್ಟುವ ಯಾವುದೇ ವಿವಾದವನ್ನು ಸಿಂಗಾಪುರ ಇಂಟರ್‌ನ್ಯಾಷನಲ್ ಆರ್ಬಿಟ್ರೇಷನ್ ಸೆಂಟರಿನ ನಿಯಮಗಳ ಪ್ರಕಾರ ಒಬ್ಬ ಆರ್ಬಿಟ್ರೇಟರ್ ಇತ್ಯರ್ಥ ಮಾಡಬೇಕು, ಆರ್ಬಿಟ್ರೇಷನ್ನಿನ ಸೀಟ್ ಸಿಂಗಾಪುರ. 17.3: ಎರಡೂ ಕಡೆಯವರ ಅನುಕೂಲಕ್ಕೆ ವಿಚಾರಣೆಯನ್ನು ಬೆಂಗಳೂರಿನಲ್ಲಿ ನಡೆಸಬಹುದು.

ಲಂಡನ್ನಿನ ಕಾನೂನು, ಸಿಂಗಾಪುರದ ಸೀಟು, ಬೆಂಗಳೂರಿನ ಕೋಣೆ. ಓದುವವರಿಗೆ ಇದು ಗೊಂದಲದ ಗೂಡು ಅನಿಸುತ್ತದೆ. ಆದರೆ ಬರೆದವರು ತಪ್ಪು ಮಾಡಿಲ್ಲ. ಮೂರು ಬೇರೆ ಬೇರೆ ಪ್ರಶ್ನೆಗೆ ಮೂರು ಉತ್ತರ ಕೊಟ್ಟಿದ್ದಾರೆ, ಅಷ್ಟೆ. ಯಾವ ಉತ್ತರ ಯಾವ ಪ್ರಶ್ನೆಗೆ ಅನ್ನೋದು ಗೊತ್ತಾದರೆ ಷರತ್ತು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಒಂದು ಪದದ ತೊಡಕು ಕಳೆದುಬಿಡೋಣ. ಕನ್ನಡದ ಪತ್ರಿಕೆಗಳಲ್ಲಿ ಆರ್ಬಿಟ್ರೇಷನ್‌ಗೂ ಮೀಡಿಯೇಷನ್‌ಗೂ 'ಮಧ್ಯಸ್ಥಿಕೆ' ಎಂದೇ ಬರೆಯುವುದುಂಟು. ಎರಡರ ನಡುವೆ ಅಜಗಜಾಂತರ ಇದೆ. ಮೀಡಿಯೇಟರ್ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ನೋಡುತ್ತಾರೆ. ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಟರ್ ಹಾಗಲ್ಲ. ಅವರು ಎರಡೂ ಕಡೆಯ ಮಾತು ಕೇಳಿ, ದಾಖಲೆ ನೋಡಿ, ತೀರ್ಪು ಕೊಡುತ್ತಾರೆ. ಅದಕ್ಕೆ ಅವಾರ್ಡ್ ಎನ್ನುತ್ತಾರೆ. ಅದು ಕೋರ್ಟಿನ ಡಿಕ್ರಿಯ ಹಾಗೆ ಜಾರಿಯಾಗುತ್ತದೆ. ತೀರ್ಪು ಸರಿಯಿಲ್ಲ ಎಂದು ಸಾಮಾನ್ಯ ಮೇಲ್ಮನವಿ ಹಾಕುವ ಹಾಗಿಲ್ಲ. ಅದಕ್ಕೇ ಈ ಲೇಖನದಲ್ಲಿ ಆರ್ಬಿಟ್ರೇಷನ್ ಅನ್ನೋ ಪದವನ್ನೇ ಇಟ್ಟುಕೊಂಡಿದ್ದೇನೆ.

ಆರ್ಬಿಟ್ರೇಷನ್ ಷರತ್ತಿಗೆ ಸಹಿ ಹಾಕಿದಿರಿ ಅಂದರೆ, ಈ ಕರಾರಿನ ಜಗಳಕ್ಕೆ ಸಿವಿಲ್ ಕೋರ್ಟಿನ ಬಾಗಿಲು ಬೇಡ ಎಂದು ನೀವೇ ಹೇಳಿದ ಹಾಗೆ. ಆಮೇಲೆ ಮೈಸೂರಿನ ಕೋರ್ಟಿನಲ್ಲಿ ಹಣಕ್ಕಾಗಿ ದಾವೆ ಹಾಕಿದರೆ, ಎದುರಿನವರು ಮೊದಲ ಉತ್ತರ ಸಲ್ಲಿಸುವಾಗಲೇ ಆ ಷರತ್ತನ್ನು ತೋರಿಸಬಹುದು. ಆಗ ಕೋರ್ಟು ನಿಮ್ಮನ್ನು ಆರ್ಬಿಟ್ರೇಷನ್ ಕಡೆಗೆ ಕಳಿಸುತ್ತದೆ. ಆದರೆ ಅದು ನಿಜವಾದ ಆರ್ಬಿಟ್ರೇಷನ್ ಷರತ್ತು ಆಗಿರಬೇಕು. 'ವಿವಾದ ಬಂದರೆ, ಎರಡೂ ಕಡೆಯವರು ಒಪ್ಪಿದಲ್ಲಿ, ಆರ್ಬಿಟ್ರೇಷನ್‌ಗೆ ಒಪ್ಪಿಸಬಹುದು' ಎಂದು ಬರೆದಿದ್ದರೆ ಅದು ಮುಂದೊಂದು ದಿನ ಒಪ್ಪಿಕೊಳ್ಳೋಣ ಅನ್ನುವ ಮಾತು ಮಾತ್ರ. ಸುಪ್ರೀಂ ಕೋರ್ಟ್ 2007ರಲ್ಲೇ ಜಗದೀಶ್ ಚಂದರ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಇಂಗ್ಲಿಷಿನಲ್ಲಿ 'ಶಲ್' ಇದೆಯೋ 'ಮೇ' ಇದೆಯೋ ಎಂದು ನೋಡಿ. ನಮ್ಮ 17.2ರಲ್ಲಿ 'ಶಲ್' ಇತ್ತು. ಹಾಗಾಗಿ ಅಲ್ಲಿ ಅನುಮಾನ ಇರಲಿಲ್ಲ.

ಲಂಡನ್ನಿನ ಕಾನೂನು ಯಾಕೆ ಬಂತು

17.1 ಉತ್ತರಿಸುವ ಪ್ರಶ್ನೆ ಇದು: ಕರಾರಿನ ಮಾತುಗಳಿಗೆ ಯಾವ ದೇಶದ ಕಾನೂನಿನ ಪ್ರಕಾರ ಅರ್ಥ ಹೇಳಬೇಕು? ಇದಕ್ಕೇ ಗವರ್ನಿಂಗ್ ಲಾ ಎನ್ನುವುದು. ವರದಿ ತಡವಾದರೆ ಕರಾರು ಮುರಿದ ಹಾಗಾ? ಎಷ್ಟು ನಷ್ಟ ಪರಿಹಾರ ಕೇಳಬಹುದು? ಯಾವ ಷರತ್ತು ಊರ್ಜಿತ, ಯಾವುದು ಅಲ್ಲ? ಇದನ್ನೆಲ್ಲ ಆರ್ಬಿಟ್ರೇಟರ್ ಈ ಕಾನೂನು ಹಿಡಿದು ತೀರ್ಮಾನಿಸುತ್ತಾರೆ. ಸಿಂಗಾಪುರದಲ್ಲಿ ಕೂತ ಆರ್ಬಿಟ್ರೇಟರ್ ಇಂಗ್ಲೆಂಡಿನ ಕಾನೂನಿನ ಪ್ರಕಾರ ತೀರ್ಪು ಕೊಡುವುದು ದಿನನಿತ್ಯ ನಡೆಯುವ ಸಂಗತಿ. ಬೇರೆ ಬೇರೆ ದೇಶದ ಕಂಪನಿಗಳು ಇಬ್ಬರಿಗೂ ಪರಿಚಯವಿರುವ ಕಾನೂನು ಎಂದು ಅದನ್ನು ಆರಿಸಿಕೊಳ್ಳುವುದು ಜಾಸ್ತಿ.

ನಿಮಗೇನು ವ್ಯತ್ಯಾಸ ಆಗುತ್ತದೆ? ಇದೇ ಕರಾರಿನ 14ನೇ ಷರತ್ತು ನೋಡಿ. ಕೆಲಸ ಮುಗಿದ ಮೇಲೆ 12 ತಿಂಗಳು ಈ ಕಂಪನಿಯ ಪೈಪೋಟಿದಾರರಿಗೆ ಸಲಹೆ ಕೊಡಬಾರದು ಎಂದು ಅದರಲ್ಲಿತ್ತು. ಭಾರತದ ಕಾಂಟ್ರಾಕ್ಟ್ ಕಾಯ್ದೆಯ 27ನೇ ಕಲಂ ಪ್ರಕಾರ, ಕರಾರು ಮುಗಿದ ನಂತರವೂ ಒಬ್ಬರ ವೃತ್ತಿಯನ್ನು ಕಟ್ಟಿಹಾಕುವ ಇಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಂಗ್ಲೆಂಡಿನ ಕಾನೂನು ಹಾಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವುದಿಲ್ಲ. ನಿರ್ಬಂಧ ನ್ಯಾಯವಾಗಿದೆಯೇ, ಕಂಪನಿಯ ನಿಜವಾದ ಹಿತ ಕಾಯಲು ಬೇಕಾದಷ್ಟೇ ಇದೆಯೇ ಎಂದು ನೋಡುತ್ತದೆ. ಹೌದಾದರೆ ಎತ್ತಿಹಿಡಿಯುತ್ತದೆ. ಅಂದರೆ 14ನೇ ಷರತ್ತಿಗೆ ಹಲ್ಲು ಇದೆಯೋ ಇಲ್ಲವೋ ಅನ್ನೋದನ್ನು ಮೂರು ಪುಟದ ಆಚೆಗಿರುವ 17.1 ತೀರ್ಮಾನಿಸುತ್ತಿತ್ತು.

ಇದನ್ನು ಹೇಳಿದಾಗ ಅವರು ಪುಟ ಹಿಂದಕ್ಕೆ ತಿರುಗಿಸಿ 14ನೇ ಷರತ್ತನ್ನು ಮತ್ತೆ ಓದಿದರು. "ಪೈಪೋಟಿದಾರರು ಅಂದರೆ ಈ ಲೈನಿನಲ್ಲಿರುವ ಎಲ್ಲರೂ ಬಂದರು. ಒಂದು ವರ್ಷ ನಾನು ಏನು ಮಾಡಲಿ?" ಎಂದರು. ಗವರ್ನಿಂಗ್ ಲಾ ಓದಬೇಕಾದದ್ದು ಹೀಗೆ. ಅದನ್ನು ಒಂಟಿಯಾಗಿ ಓದಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮನ್ನು ಜಾಸ್ತಿ ಬಿಗಿಯುವ ಷರತ್ತು ಯಾವುದು ಎಂದು ಮೊದಲು ಹುಡುಕಿ. ಆಮೇಲೆ ಈ ಕಾನೂನಿನಲ್ಲಿ ಅದರ ಗತಿ ಏನು ಎಂದು ಕೇಳಿ.

ಇನ್ನೊಂದು ಸಂಗತಿ ಇದೆ. ಕಾನೂನು ಇಂಗ್ಲೆಂಡಿನದು ಎಂದ ಮಾತ್ರಕ್ಕೆ ಲಂಡನ್ನಿನ ಕೋರ್ಟಿಗೆ ಹೋಗಬೇಕು ಎಂದೇನೂ ಇಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಗವರ್ನಿಂಗ್ ಲಾ ಯಾವ ಕೋರ್ಟನ್ನೂ ಆರಿಸುವುದಿಲ್ಲ. ಆ ಕೆಲಸ ಸೀಟಿನದು.

ಸೀಟು ಅಂದರೆ ಕುರ್ಚಿಯಲ್ಲ

ಸೀಟ್ ಅಂದ ಕೂಡಲೆ ನಮಗೆ ಕೂರುವ ಜಾಗ ನೆನಪಾಗುತ್ತದೆ. ಈ ಪದ ಮೋಸ ಮಾಡುವುದೇ ಅಲ್ಲಿ. ಸೀಟು ಅಂದರೆ ಆರ್ಬಿಟ್ರೇಷನ್‌ನ ಕಾನೂನಿನ ತವರು. ಮಗುವಿಗೆ ಜನನ ಪ್ರಮಾಣಪತ್ರದಲ್ಲಿ ಒಂದು ಊರು ಇರುವ ಹಾಗೆ, ಆರ್ಬಿಟ್ರೇಷನ್‌ಗೂ ಅಲ್ಲಿ ಬರುವ ಅವಾರ್ಡಿಗೂ ಒಂದು ಊರು ಇರುತ್ತದೆ. ಮಗು ಎಲ್ಲಿ ಬೆಳೆದರೂ ಆ ಊರು ಬದಲಾಗುವುದಿಲ್ಲ. ವಿಚಾರಣೆ ಬೆಂಗಳೂರಿನ ಹೋಟೆಲಿನಲ್ಲಿ ನಡೆಯಲಿ, ಆರ್ಬಿಟ್ರೇಟರ್ ಮುಂಬೈನವರಾಗಿರಲಿ, ಸಾಕ್ಷಿ ವಿಡಿಯೊ ಕಾಲ್‌ನಲ್ಲಿ ಬರಲಿ, ಸೀಟು ಸಿಂಗಾಪುರ ಎಂದಿದ್ದರೆ ಅದು ಸಿಂಗಾಪುರದ ಅವಾರ್ಡೇ.

ವಿಚಾರಣೆಗೆ ಕೂರುವ ಜಾಗವನ್ನು ವೆನ್ಯೂ ಎನ್ನುತ್ತಾರೆ. 17.3ರ ಬೆಂಗಳೂರು ಅದು. ಪ್ರಯಾಣದ ಖರ್ಚು ಉಳಿಯುತ್ತದೆ, ಅದರಿಂದ ಅಷ್ಟೇ ಲಾಭ.

ಹಾಗಾದರೆ ಸೀಟಿನಿಂದ ಏನೇನು ಬದಲಾಗುತ್ತದೆ? ಮುಖ್ಯವಾದದ್ದು ಒಂದೇ: ಆರ್ಬಿಟ್ರೇಷನ್ ಮೇಲೆ ಕಣ್ಣಿಡುವ ಕೋರ್ಟು ಯಾವುದು ಅನ್ನೋದು. ಆರ್ಬಿಟ್ರೇಟರ್ ಒಂದು ಕಡೆಯವರ ಮಾತನ್ನೇ ಕೇಳಲಿಲ್ಲ, ನಿಮಗೆ ನೋಟಿಸೇ ಬರಲಿಲ್ಲ, ತಮಗಿಲ್ಲದ ಅಧಿಕಾರ ಚಲಾಯಿಸಿದರು ಎಂದು ಅವಾರ್ಡನ್ನು ರದ್ದು ಮಾಡಿಸಬೇಕಾದರೆ ಸೀಟಿನ ಕೋರ್ಟಿಗೇ ಹೋಗಬೇಕು. ನಮ್ಮ ಉದಾಹರಣೆಯಲ್ಲಿ ಅದು ಸಿಂಗಾಪುರದ ಹೈಕೋರ್ಟು, ಮೂರು ತಿಂಗಳ ಒಳಗೆ. ಬೆಂಗಳೂರಿನ ಕೋರ್ಟಿಗೆ ಅವಾರ್ಡ್ ರದ್ದು ಮಾಡುವ ಅಧಿಕಾರ ಇಲ್ಲ. 2012ರಲ್ಲಿ ಬಾಲ್ಕೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಚಿತ ಮಾಡಿತು. 1996ರ ಆರ್ಬಿಟ್ರೇಷನ್ ಕಾಯ್ದೆಯ ಮೊದಲ ಭಾಗ, ಅಂದರೆ ನೇಮಕ, ಮೇಲ್ವಿಚಾರಣೆ, ರದ್ದತಿ ಎಲ್ಲ ಇರುವ ಭಾಗ, ಸೀಟು ಭಾರತದಲ್ಲಿದ್ದರೆ ಮಾತ್ರ ಅನ್ವಯಿಸುತ್ತದೆ ಎಂದಿತು.

ಆಮೇಲೆ 2015ರ ತಿದ್ದುಪಡಿ ಒಂದು ಸಣ್ಣ ಕಿಟಕಿ ತೆರೆಯಿತು. ಸೀಟು ಹೊರದೇಶದಲ್ಲಿದ್ದರೂ, ಕರಾರಿನಲ್ಲಿ ಬೇಡ ಎಂದು ಬರೆಯದಿದ್ದರೆ, ಅಂತರರಾಷ್ಟ್ರೀಯ ವಾಣಿಜ್ಯ ವಿವಾದದಲ್ಲಿ 9ನೇ ಕಲಂ ಅಡಿ ಭಾರತದ ಕೋರ್ಟಿನಿಂದ ಮಧ್ಯಂತರ ರಕ್ಷಣೆ ಕೇಳಬಹುದು. ಉದಾಹರಣೆಗೆ ಆ ಕಂಪನಿಗೆ ಇಲ್ಲೊಂದು ಬ್ಯಾಂಕ್ ಖಾತೆ ಇದ್ದು, ಅದನ್ನು ಖಾಲಿ ಮಾಡುವ ಸೂಚನೆ ಕಂಡರೆ ಈ ಕಿಟಕಿ ಉಪಯೋಗಕ್ಕೆ ಬರುತ್ತದೆ. ಕಂಪನಿಗೆ ಇಲ್ಲಿ ಏನೂ ಇಲ್ಲದಿದ್ದರೆ ಅದರಿಂದ ನಿಮಗೆ ಪ್ರಯೋಜನ ಕಡಿಮೆ.

ಸೀಟಿನ ಕೋರ್ಟು ಕೂಡ ತೀರ್ಪನ್ನು ಮೊದಲಿನಿಂದ ಮತ್ತೆ ತೂಗುವುದಿಲ್ಲ ಅನ್ನೋದನ್ನು ಮರೆಯಬೇಡಿ. ಆರ್ಬಿಟ್ರೇಟರ್ ಲೆಕ್ಕ ತಪ್ಪಾಗಿ ಓದಿದರು, ಕಾನೂನನ್ನು ತಪ್ಪಾಗಿ ಅರ್ಥ ಮಾಡಿಕೊಂಡರು ಎಂಬ ದೂರಿಗೆ ಸಿಂಗಾಪುರದಲ್ಲಿ ಅವಾರ್ಡ್ ಬೀಳುವುದಿಲ್ಲ. ನಡೆಸಿದ ರೀತಿಯಲ್ಲಿ ದೋಷ ಇರಬೇಕು.

12,000 ಡಾಲರ್ ಬರಲಿಲ್ಲ ಅಂದುಕೊಳ್ಳಿ

ಇಷ್ಟನ್ನೂ ಕೇಳಿದ ಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಸರ್, ಕಾನೂನು ಹಾಗಿರಲಿ. ಕೊನೆ ಕಂತು ಕೊಡಲಿಲ್ಲ ಅಂದರೆ ಸೋಮವಾರ ಬೆಳಿಗ್ಗೆ ನಾನು ಏನು ಮಾಡ್ಬೇಕು?"

ಹೆಜ್ಜೆ ಹೆಜ್ಜೆಯಾಗಿ ನೋಡೋಣ. ವರದಿ ಕೊಟ್ಟಿದ್ದೀರಿ. ವರದಿ ಅಪೂರ್ಣ ಎಂದು ಕಂಪನಿ ಹಣ ತಡೆಹಿಡಿದಿದೆ. ಮೊದಲು ಕರಾರಿನ ನೋಟಿಸ್ ಷರತ್ತು ತೆಗೆಯಿರಿ. ಯಾವ ವಿಳಾಸಕ್ಕೆ, ಯಾವ ಇಮೇಲಿಗೆ ಕಳಿಸಬೇಕು ಎಂದಿದೆಯೋ ಅಲ್ಲಿಗೇ ಬೇಡಿಕೆ ಪತ್ರ ಕಳಿಸಬೇಕು. ನಿಮ್ಮ ಜೊತೆ ದಿನಾ ಮಾತಾಡುವ ಪ್ರಾಜೆಕ್ಟ್ ಮ್ಯಾನೇಜರಿಗೆ ವಾಟ್ಸಾಪ್ ಮಾಡಿದರೆ ಅದನ್ನು ನೋಟಿಸ್ ಎಂದು ಒಪ್ಪಿಸುವುದು ಕಷ್ಟ. ಹಾಗೇ ನಿಮ್ಮ ವಿಳಾಸವೂ ಅಲ್ಲಿ ಸರಿಯಾಗಿರಲಿ. ಹಳೆಯ ಇಮೇಲ್ ಬರೆದಿದ್ದರೆ, ನಿಮ್ಮ ವಿರುದ್ಧದ ನೋಟಿಸ್ ಯಾರೂ ತೆರೆಯದ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತದೆ.

ಹಣ ಬರದಿದ್ದರೆ, ಸಿಂಗಾಪುರದ ಆ ಸಂಸ್ಥೆಯ ರಿಜಿಸ್ಟ್ರಾರ್‌ಗೆ ಆರ್ಬಿಟ್ರೇಷನ್ ನೋಟಿಸ್ ಸಲ್ಲಿಸುತ್ತೀರಿ. ಅದರಲ್ಲಿ ಕರಾರು, ಷರತ್ತು, ಬೇಡಿಕೆಯ ಮೊತ್ತ, ವಿವಾದದ ಸಾರಾಂಶ ಇರಬೇಕು. ಫೈಲಿಂಗ್ ಶುಲ್ಕ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಸಂಸ್ಥೆ ಎದುರಿನವರಿಂದ ಉತ್ತರ ತರಿಸಿಕೊಂಡು ಆರ್ಬಿಟ್ರೇಟರ್ ನೇಮಕದ ಕೆಲಸ ನಡೆಸುತ್ತದೆ. ಸಂಸ್ಥೆಯ ಹೆಸರು ಕರಾರಿನಲ್ಲಿ ಇರುವುದರ ದೊಡ್ಡ ಲಾಭ ಇದು. ಎದುರಿನವರು ಉತ್ತರವೇ ಕೊಡದೆ ಕೂತರೂ ಕೆಲಸ ನಿಲ್ಲುವುದಿಲ್ಲ.

ಆ ಸಂಸ್ಥೆಯ 2025ರ ನಿಯಮಗಳಲ್ಲಿ ಸಣ್ಣ ಮೊತ್ತದ ವಿವಾದಕ್ಕೆ ಒಂದು ಚುರುಕು ವಿಧಾನ ಬಂದಿದೆ. ವಿವಾದದ ಮೊತ್ತ 10 ಲಕ್ಷ ಸಿಂಗಾಪುರ ಡಾಲರ್ ಮೀರದಿದ್ದರೆ ಸಾಮಾನ್ಯವಾಗಿ ಅದೇ ಅನ್ವಯಿಸುತ್ತದೆ. ಒಬ್ಬರೇ ಆರ್ಬಿಟ್ರೇಟರ್. ಸಾಮಾನ್ಯವಾಗಿ ದಾಖಲೆ ಮತ್ತು ಲಿಖಿತ ವಾದ ನೋಡಿಯೇ ತೀರ್ಪು. ಆರ್ಬಿಟ್ರೇಟರ್ ನೇಮಕವಾದ ಮೂರು ತಿಂಗಳೊಳಗೆ ಅವಾರ್ಡ್ ಬರಬೇಕು. ಸಿಂಗಾಪುರಕ್ಕೆ ಓಡಾಡುವ ಭಯ ಹಾಗೆ ಬಹುಮಟ್ಟಿಗೆ ಹೋಗುತ್ತದೆ. 17.3ರ ಬೆಂಗಳೂರಿನ ಕೋಣೆಯೂ ಬಹುಶಃ ಬೇಕಾಗುವುದಿಲ್ಲ.

ಅವಾರ್ಡ್ ನಿಮ್ಮ ಪರ ಬಂತು ಅನ್ನಿ. ಈಗ ಸೀಟಿನ ಇನ್ನೊಂದು ಮುಖ ಕಾಣುತ್ತದೆ. ಕಂಪನಿ ಇರುವುದು ಸಿಂಗಾಪುರದಲ್ಲಿ, ಅದರ ಹಣ ಇರುವುದೂ ಅಲ್ಲೇ. ಅವಾರ್ಡೂ ಅಲ್ಲಿಯದೇ. ಅಲ್ಲಿನ ಹೈಕೋರ್ಟಿನ ಅನುಮತಿ ಪಡೆದು ಅಲ್ಲೇ ಜಾರಿ ಮಾಡಿಸಬಹುದು. ದೂರದ ಸೀಟು ಎಂದು ಹೆದರಿದ್ದೆವಲ್ಲ, ವಸೂಲಿಯ ಹೊತ್ತಿಗೆ ಅದು ಹತ್ತಿರದ ದಾರಿ.

ಸೀಟು ಬೆಂಗಳೂರು ಆಗಿದ್ದರೂ ದಾರಿ ಮುಚ್ಚುತ್ತಿರಲಿಲ್ಲ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ, ಭಾರತ ಮತ್ತು ಸಿಂಗಾಪುರ ಎರಡೂ ಇವೆ. ಒಂದು ದೇಶದ ಅವಾರ್ಡನ್ನು ಇನ್ನೊಂದು ದೇಶದ ಕೋರ್ಟು, ಕೆಲವೇ ಕೆಲವು ಆಕ್ಷೇಪಗಳನ್ನು ಬಿಟ್ಟು, ಜಾರಿ ಮಾಡಬೇಕು. ಬೇರೆ ದೇಶದವರ ಜೊತೆಗಿನ ಕರಾರಿನಲ್ಲಿ ಕೋರ್ಟಿನ ಬದಲು ಆರ್ಬಿಟ್ರೇಷನ್ ಬರೆಯುವುದಕ್ಕೆ ನಿಜವಾದ ಕಾರಣ ಇದೇ. ಮೈಸೂರಿನ ಕೋರ್ಟಿನ ಡಿಕ್ರಿಯನ್ನು ಹೊರದೇಶಕ್ಕೆ ಒಯ್ದರೆ ಪ್ರತಿ ದೇಶದಲ್ಲೂ ಅದಕ್ಕೆ ಬೇರೆ ಬೇರೆ ನಿಯಮ. ಅವಾರ್ಡಿಗೆ ಹೆಚ್ಚುಕಡಿಮೆ ಒಂದೇ ನಿಯಮ.

ಅದೇ ರಸ್ತೆ ಈ ಕಡೆಗೂ ಬರುತ್ತದೆ. ಅವಾರ್ಡ್ ನಿಮ್ಮ ವಿರುದ್ಧ ಬಂದು, ಕಂಪನಿಗೆ ನಷ್ಟ ಪರಿಹಾರ ಮತ್ತು ಖರ್ಚು ಕೊಡಿ ಎಂದಿದ್ದರೆ, ಅವರು ಅದನ್ನು ಕರ್ನಾಟಕ ಹೈಕೋರ್ಟಿಗೆ ತಂದು ನಿಮ್ಮ ಆಸ್ತಿಯ ಮೇಲೆ ಜಾರಿ ಕೇಳಬಹುದು. 48ನೇ ಕಲಂ ಅಡಿ ನೀವು ಹೇಳಬಹುದಾದ ಆಕ್ಷೇಪಗಳು ಬಹಳ ಕಡಿಮೆ. ಹೊರದೇಶದ ತೀರ್ಪು ನಮಗೇನು ಮಾಡುತ್ತದೆ ಎಂದು ನೋಟಿಸ್ ಬಂದಾಗ ಸುಮ್ನೆ ಕೂತವರಿಗೆ ಆಗುವ ಅನಾಹುತ ಇದು. ಆರ್ಬಿಟ್ರೇಷನ್‌ನಲ್ಲಿ ಭಾಗವಹಿಸದಿದ್ದರೂ ಅವಾರ್ಡ್ ಬರುತ್ತದೆ.

ಇಷ್ಟಾದ ಮೇಲೂ ಒಂದು ಕಹಿ ಲೆಕ್ಕ ಉಳಿಯುತ್ತದೆ. ಫೈಲಿಂಗ್ ಶುಲ್ಕ, ಸಂಸ್ಥೆಯ ಮತ್ತು ಆರ್ಬಿಟ್ರೇಟರ್ ಶುಲ್ಕಕ್ಕೆ ಮುಂಗಡ, ಇಂಗ್ಲೆಂಡಿನ ಕಾನೂನು ಗೊತ್ತಿರುವ ವಕೀಲರ ಫೀ, ಇವೆಲ್ಲ 12,000 ಡಾಲರ್ ವಸೂಲಿಗೆ. ಗೆದ್ದರೆ ಖರ್ಚಿನ ಒಂದು ಭಾಗ ಎದುರಿನವರಿಂದ ಬರಬಹುದು, ಆದರೆ ಮೊದಲು ನೀವು ಹಾಕಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಬಹಳ ಜನ ಕೈಬಿಡುತ್ತಾರೆ. ಎದುರಿನ ಕಂಪನಿಗೂ ಅದು ಗೊತ್ತಿರುತ್ತದೆ.

ಸೀಟು ಬೆಂಗಳೂರು ಎಂದು ಬದಲಿಸಿದರೆ?

"ಹಾಗಾದರೆ ಸೀಟು ಬೆಂಗಳೂರು ಮಾಡಿ ಅಂತ ಕೇಳಿಬಿಡೋಣ" ಎಂದರು ಅವರು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬರೀ 'ಸೀಟ್ ಬೆಂಗಳೂರು' ಎಂದು ಬರೆದು ಸಂಸ್ಥೆಯ ಹೆಸರು ತೆಗೆದುಬಿಟ್ಟರೆ ಒಂದು ಗುಂಡಿ ಇದೆ.

ಒಂದು ಕಡೆಯವರು ಹೊರದೇಶದ ಕಂಪನಿ ಆಗಿರುವುದರಿಂದ ನಮ್ಮ ಕಾಯ್ದೆಯ ಪ್ರಕಾರ ಇದು ಅಂತರರಾಷ್ಟ್ರೀಯ ವಾಣಿಜ್ಯ ಆರ್ಬಿಟ್ರೇಷನ್. ಆರ್ಬಿಟ್ರೇಟರ್ ಯಾರು ಎಂಬುದರಲ್ಲಿ ಒಮ್ಮತ ಆಗದಿದ್ದರೆ ನೇಮಕ ಮಾಡಿಸಲು 11ನೇ ಕಲಂ ಅಡಿ ಅರ್ಜಿ ಹಾಕಬೇಕು. ಇಬ್ಬರೂ ಭಾರತದವರೇ ಆಗಿದ್ದರೆ ಅರ್ಜಿ ಹೈಕೋರ್ಟಿಗೆ. ಇಂಥ ವಿವಾದದಲ್ಲಿ ಅದು ದಿಲ್ಲಿಗೆ, ಸುಪ್ರೀಂ ಕೋರ್ಟಿಗೇ ಹೋಗಬೇಕು. ಬೆಂಗಳೂರಿನ ಸೀಟು ಬೇಕೆಂದು ಹಟ ಹಿಡಿದು ಪಡೆದವರು ಮೊದಲ ಹೆಜ್ಜೆಗೇ ದಿಲ್ಲಿಯ ವಕೀಲರನ್ನು ಹುಡುಕುವ ಸ್ಥಿತಿ ಬರುತ್ತದೆ. ಸಂಸ್ಥೆಯ ಹೆಸರು ಮತ್ತು ಅದರ ನಿಯಮ ಬರೆದರೆ ನೇಮಕ ಅವರ ಕೈಯಲ್ಲಿರುತ್ತದೆ, ಈ ಸುತ್ತು ತಪ್ಪುತ್ತದೆ. ಹಾಗಾಗಿ ಸೀಟು ಮತ್ತು ಸಂಸ್ಥೆ ಎರಡನ್ನೂ ಜೋಡಿಯಾಗಿ ಕೇಳಿ.

ಎರಡನೆಯದು, ಪದಗಳ ವಿಷಯ. 'ವೆನ್ಯೂ ಬೆಂಗಳೂರು' ಎಂದಷ್ಟೇ ಬರೆದು ಸೀಟು ಅನ್ನೋ ಪದವೇ ಇಲ್ಲದ ಕರಾರುಗಳು ಲೆಕ್ಕವಿಲ್ಲದಷ್ಟು ಇವೆ. 2019ರ ಬಿಜಿಎಸ್ ಸೋಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಆರ್ಬಿಟ್ರೇಷನ್ ನಡೆಯುವ ಜಾಗ ಎಂದು ಒಂದೇ ಊರನ್ನು ಹೆಸರಿಸಿದ್ದು, ಬೇರೆ ಕಡೆಗೆ ಬೊಟ್ಟು ಮಾಡುವ ಮಾತು ಇಲ್ಲದಿದ್ದರೆ, ಅದೇ ಸೀಟು. ನಮ್ಮ ಕರಾರಿನಲ್ಲಿ ಇದು ಬೆಂಗಳೂರಿನ ನೆರವಿಗೆ ಬರುವುದಿಲ್ಲ, ಯಾಕೆಂದರೆ ಸೀಟು ಸಿಂಗಾಪುರ ಎಂದು ಸ್ಪಷ್ಟವಾಗಿ ಇದೆ. ಜಗಳ ಹುಟ್ಟುವುದು ಇನ್ನೊಂದು ಥರದ ಕರಾರಿನಲ್ಲಿ. ಆರ್ಬಿಟ್ರೇಷನ್ ಷರತ್ತಿನಲ್ಲಿ 'ವೆನ್ಯೂ ಬೆಂಗಳೂರು' ಎಂದಿರುತ್ತದೆ. ಎರಡು ಸಾಲಿನ ಕೆಳಗೆ, ಯಾವುದೋ ಹಳೆಯ ಕರಾರಿನಿಂದ ಕಾಪಿ ಮಾಡಿದ 'ಮುಂಬೈ ಕೋರ್ಟುಗಳಿಗೆ ಮಾತ್ರ ಅಧಿಕಾರ' ಎಂಬ ಸಾಲು ಕೂತಿರುತ್ತದೆ. ಆಗ ಬಾಕಿ ಹಣದ ಮಾತು ಆರಂಭವಾಗುವ ಮೊದಲೇ, ಯಾವ ಊರಿನ ಕೋರ್ಟು ಅನ್ನೋದರ ಮೇಲೆ ತಿಂಗಳುಗಟ್ಟಲೆ ವಾದ ನಡೆಯುತ್ತದೆ. ಸಹಿ ಹಾಕುವ ಮೊದಲು ಇದನ್ನು ಪತ್ತೆ ಮಾಡುವುದು ಸುಲಭ. ಕರಾರಿನ ಫೈಲಿನಲ್ಲಿ ಊರುಗಳ ಹೆಸರು ಹಾಕಿ ಹುಡುಕಿ. 'ಕೋರ್ಟ್' ಅನ್ನೋ ಪದವನ್ನೂ ಹುಡುಕಿ. ಬಂದ ಪ್ರತಿ ಸಾಲಿಗೂ ಕೇಳಿ: ಇದು ಕಾನೂನಿನ ಊರಾ, ಸೀಟಿನ ಊರಾ, ಬರೀ ಕೂರುವ ಊರಾ?

ಇದರ ಜೊತೆಗೆ ಇನ್ನೊಂದು ಸಣ್ಣ ಸಾಲು ಸೇರಿಸಿಸುವುದು ಒಳ್ಳೆಯದು: ಆರ್ಬಿಟ್ರೇಷನ್ ಷರತ್ತಿಗೇ ಯಾವ ದೇಶದ ಕಾನೂನು ಎಂದು. ಆ ಷರತ್ತನ್ನು ಕಾನೂನು ಪ್ರತ್ಯೇಕ ಒಪ್ಪಂದ ಎಂದೇ ನೋಡುತ್ತದೆ. ಕರಾರಿಗೆ ಇಂಗ್ಲೆಂಡಿನ ಕಾನೂನು, ಸೀಟು ಸಿಂಗಾಪುರ ಎಂದಿರುವಾಗ, ಷರತ್ತಿನ ಊರ್ಜಿತದ ಪ್ರಶ್ನೆಗೆ ಯಾವುದನ್ನು ಹಿಡಿಯಬೇಕು ಅನ್ನೋದರಲ್ಲಿ ಎಲ್ಲ ದೇಶಗಳೂ ಒಂದೇ ಉತ್ತರ ಕೊಡುವುದಿಲ್ಲ. ಇಂಗ್ಲೆಂಡ್ 2025ರ ಹೊಸ ಕಾಯ್ದೆಯಲ್ಲಿ, ಬೇರೆ ಬರೆಯದಿದ್ದರೆ ಸೀಟಿನ ಕಾನೂನು ಎಂದು ನಿಗದಿ ಮಾಡಿಕೊಂಡಿತು. ಒಂದು ಸಾಲು ಬರೆದರೆ ಈ ತಲೆನೋವೇ ಇರುವುದಿಲ್ಲ.

ನಿಮ್ಮ ಕ್ಲೈಂಟ್ ಗುರುಗ್ರಾಮದವರೋ ಪುಣೆಯವರೋ ಆಗಿದ್ದರೆ ಚಿತ್ರ ಸರಳವಾಗುತ್ತದೆ. ಇಬ್ಬರೂ ಇಲ್ಲಿಯವರೇ ಆಗಿ ಸೀಟೂ ಇಲ್ಲೇ ಇದ್ದರೆ ಭಾರತದ ಕಾನೂನೇ ಅನ್ವಯಿಸುತ್ತದೆ. ಸೀಟು ಯಾವ ಊರು ಅನ್ನೋದು ಮಾತ್ರ ಆಗಲೂ ಮುಖ್ಯ. 2017ರ ಇಂಡಸ್ ಮೊಬೈಲ್ ತೀರ್ಪಿನ ನಂತರ, ಸೀಟು ದಿಲ್ಲಿ ಎಂದು ಬರೆದರೆ ದಿಲ್ಲಿ ಕೋರ್ಟುಗಳಿಗೆ ಮಾತ್ರ ಅಧಿಕಾರ ಕೊಟ್ಟ ಹಾಗೆ. ಕೆಲಸ ಮಾಡಿದ್ದು ಮೈಸೂರಿನಲ್ಲಿ ಅನ್ನೋ ವಾದ ನಡೆಯುವುದಿಲ್ಲ. 'ಆರ್ಬಿಟ್ರೇಟರನ್ನು ಕಂಪನಿಯ ಎಂ.ಡಿ. ನೇಮಿಸುತ್ತಾರೆ' ಎಂಬ ಸಾಲು ಕಂಡರೆ ತೆಗೆಸಿ. ವಿವಾದದಲ್ಲಿ ಆಸಕ್ತಿ ಇರುವವರು ತಾವೊಬ್ಬರೇ ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗೆ ಬಂದ ಅವಾರ್ಡ್ ನಿಮ್ಮ ಪರವಾಗಿದ್ದರೂ ಬೀಳುವ ಅಪಾಯ ಇದೆ.

ದೇಶದೊಳಗಿನ ಕ್ಲೈಂಟ್ ಆದರೆ ನಿಮ್ಮ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇದೆ. ಕರಾರಿಗೆ ಮುಂಚೆಯೇ ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಅಥವಾ ಅತಿಸಣ್ಣ ಉದ್ದಿಮೆ ನೀವಾಗಿದ್ದರೆ, ಬಾಕಿ ಹಣಕ್ಕೆ 2006ರ ಎಂಎಸ್ಎಂಇ ಕಾಯ್ದೆಯ ಅಡಿ ನಿಮ್ಮ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲಿಗೆ ಹೋಗಬಹುದು. ಕೌನ್ಸಿಲ್ ಇರುವುದು ಸೇವೆ ಕೊಟ್ಟವರ ಕಡೆ, ಹಣ ಕೊಡಬೇಕಾದವರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಕರಾರಿನಲ್ಲಿ ಬೇರೆ ಆರ್ಬಿಟ್ರೇಷನ್ ಷರತ್ತು ಇದ್ದರೂ ಈ ಹಾದಿ ಮುಚ್ಚುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಿಂಗಾಪುರದ ಕಂಪನಿಗೆ ನಾವು ಒಂದು ಪುಟದ ಪತ್ರ ಬರೆದೆವು. ಮೂರು ಕೋರಿಕೆ: ಸೀಟು ಬೆಂಗಳೂರು ಮತ್ತು ಭಾರತದ ಒಂದು ಸಂಸ್ಥೆಯ ನಿಯಮ, ಅದು ಆಗದಿದ್ದರೆ ಕಂತುಗಳ ಬದಲಾವಣೆ, 14ನೇ ಷರತ್ತಿನಲ್ಲಿ 'ಪೈಪೋಟಿದಾರರು' ಎಂಬುದರ ಬದಲು ಹೆಸರಿಸಿದ ಮೂರು ಕಂಪನಿ, 12 ತಿಂಗಳ ಬದಲು ಆರು.

ನಾಲ್ಕು ದಿನದಲ್ಲಿ ಉತ್ತರ ಬಂತು. ಸೀಟನ್ನು ಅವರು ಬಿಡಲಿಲ್ಲ, ಇಂಗ್ಲೆಂಡಿನ ಕಾನೂನನ್ನೂ ಬಿಡಲಿಲ್ಲ. ಅದು ನನಗೆ ಆಶ್ಚರ್ಯವಾಗಲಿಲ್ಲ, ಬೇಸರವೂ ಆಗಲಿಲ್ಲ. ಆರ್ಬಿಟ್ರೇಷನ್ ಷರತ್ತಿಗೂ ಸಿಂಗಾಪುರದ ಕಾನೂನು ಎಂಬ ಸಾಲು ಸೇರಿಸಿದರು. 14ನೇ ಷರತ್ತಿನಲ್ಲಿ ಮೂರು ಹೆಸರು, ಆರು ತಿಂಗಳು ಒಪ್ಪಿದರು. ಕಂತುಗಳನ್ನೂ ಬದಲಿಸಿದರು: ಸಹಿ ಹಾಕಿದಾಗ 18,000, ಮಧ್ಯಂತರ ವರದಿಗೆ 14,400, ಕೊನೆಗೆ 3,600.

ಅವರು ಕ್ಯಾಲ್ಕುಲೇಟರ್ ತೆಗೆದು ಕೂಡಿಸಿ ನೋಡಿದರು. 36,000 ಸರಿಯಾಗಿ ಬಂತು. ಆಮೇಲೆ 17ನೇ ಷರತ್ತಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಮೂರು ಪದ ಬರೆದರು. 17.1ರ ಪಕ್ಕ 'ಅರ್ಥಕ್ಕೆ'. 17.2ರ ಪಕ್ಕ 'ಕೋರ್ಟಿಗೆ'. 17.3ರ ಪಕ್ಕ 'ಕೂರೋದಕ್ಕೆ'. ಪೆನ್ಸಿಲ್ ಕೆಳಗಿಟ್ಟು, ಸಹಿ ಹಾಕಲು ಪೆನ್ನು ಕೇಳಿದರು.